‘ಸಂಬಂಧಪಟ್ಟವರು’ ಯಾರು?

“ಸದರಿ ವಿಷಯವನ್ನು ಸುದೀರ್ಘವಾಗಿ ಪರ್ಯಾಲೋಚಿಸಿ, ಅಗತ್ಯ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.”

ಯಾವುದಾದರೊಂದು ಸಂಘದಲ್ಲಿ, ಕಚೇರಿಯಲ್ಲಿ, ಶಾಲೆಯ ಸಮಿತಿಯಲ್ಲಿ ಒಂದು ವರ್ಷವಾದರೂ ಸದಸ್ಯರಾಗಿದ್ದವರು ಈ ವಾಕ್ಯವನ್ನು ಓದಿಯೇ ಇರುತ್ತಾರೆ. ಓದಿರುತ್ತಾರೆ ಎನ್ನುವುದಕ್ಕಿಂತ ಅದರ ಮೇಲೆ ಕಣ್ಣು ಹಾಯಿಸಿರುತ್ತಾರೆ ಎನ್ನುವುದೇ ಸರಿ. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಗಾಂಭೀರ್ಯಕ್ಕೆ ಕೊರತೆಯಿಲ್ಲ. ಆದರೆ ಅದನ್ನು ಓದಿ ಮುಗಿಸಿದ ಒಂಬತ್ತು ಮಂದಿಯಲ್ಲಿ ಒಬ್ಬರೂ ‘ಇದು ನನ್ನ ಕೆಲಸ’ ಎಂದು ಎದ್ದು ಹೋಗುವುದಿಲ್ಲ. ಸಂಬಂಧಪಟ್ಟವರು ಎಂದರೆ ಪಕ್ಕದಲ್ಲಿ ಕುಳಿತವರು ಎಂದೇ ಪ್ರತಿಯೊಬ್ಬರ ನಂಬಿಕೆ.

ಸಭೆಯ ನಡವಳಿಯನ್ನು ಯಾರೂ ಓದುವುದಿಲ್ಲ ಎಂಬ ದೂರು ಹಳೆಯದು. ಹಾಗೆಂದು ನಡವಳಿಯೇ ಬೇಡವೆಂದರೆ ಏನಾಗುತ್ತದೆ ಎಂಬುದಕ್ಕೂ ಹಳೆಯ ನಿದರ್ಶನವುಂಟು. ಇಂಗ್ಲೆಂಡಿನ ಮಂತ್ರಿಮಂಡಲದ ಸಭೆಗಳಿಗೆ 1916ರ ಡಿಸೆಂಬರಿನವರೆಗೂ ಕ್ರಮವಾದ ನಡವಳಿಯೆಂಬುದೇ ಇರಲಿಲ್ಲ. 1882ರಲ್ಲಿ ಗ್ಲಾಡ್‌ಸ್ಟನ್ನರ ಮಂತ್ರಿಮಂಡಲ ಸೇರಿ ಚದುರಿದ ಮರುದಿನ, ನಿನ್ನೆ ಏನು ತೀರ್ಮಾನವಾಯಿತೆಂಬ ವಿಷಯದಲ್ಲಿ ಮಂತ್ರಿಗಳಲ್ಲಿಯೇ ಒಮ್ಮತವಿಲ್ಲದೆ, ಒಬ್ಬ ಮಂತ್ರಿಯ ಆಪ್ತ ಕಾರ್ಯದರ್ಶಿ ಪ್ರಧಾನಿಯ ಆಪ್ತ ಕಾರ್ಯದರ್ಶಿಗೆ ಪತ್ರ ಬರೆದು ವಿಚಾರಿಸಬೇಕಾಯಿತು. ಏನೋ ಒಂದು ತೀರ್ಮಾನ ಆಗಿರಲೇಬೇಕು, ಏಕೆಂದರೆ ಅದನ್ನು ಒಪ್ಪದೆ ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟಿದ್ದಾರೆ ಎಂಬುದೇ ಆ ಪತ್ರದಲ್ಲಿದ್ದ ತರ್ಕ! ಮೊದಲನೆಯ ಮಹಾಯುದ್ಧದ ಒತ್ತಡದಲ್ಲಿ ಮಾರಿಸ್ ಹ್ಯಾಂಕಿ ಎಂಬ ಅಧಿಕಾರಿ ಕಾಗದ ಪೆನ್ಸಿಲು ಹಿಡಿದು ಕುಳಿತ ಮೇಲೆಯೇ ಆ ಗೊಂದಲಕ್ಕೆ ಕೊನೆಯಾದುದು.

ಆದುದರಿಂದ ನಡವಳಿ ಇರಲೇಬೇಕು. ಅದು ತನ್ನ ಬಿಗಿಯಾದ ಭಾಷೆಯಲ್ಲಿಯೇ ಇರುವುದಕ್ಕೂ ಕಾರಣವಿದೆ. ಸಭಾನಿಯಮಗಳನ್ನು 1876ರಲ್ಲಿ ಗ್ರಂಥರೂಪಕ್ಕೆ ತಂದ ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರ ಪದ್ಧತಿಯಂತೆ, ಸಭೆಯಲ್ಲಿ ಏನು ಮಾಡಲಾಯಿತೋ ಅದು ನಡವಳಿಗೆ ಸೇರಬೇಕು. ಯಾರು ಏನು ಆಡಿದರೋ ಅದಲ್ಲ. ಲೆಕ್ಕಪರಿಶೋಧಕರು ನೋಡುವುದು, ಜಗಳ ಬೆಳೆದರೆ ನ್ಯಾಯಾಲಯ ಕೇಳುವುದು ಆ ಪುಸ್ತಕವನ್ನೇ. ಅದನ್ನು ಸರಸ ಸಲ್ಲಾಪದ ಧಾಟಿಗೆ ಇಳಿಸುವುದು ವಿವೇಕವಲ್ಲ. ಬೇಕಾಗಿರುವುದು ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಾಗದ: ಜೊತೆಗಾರರು ಓದುವಂಥದು, ಓದಿ ಎದ್ದು ಕೆಲಸಕ್ಕೆ ಹೋಗುವಂಥದು. ಆ ಕಾಗದವನ್ನು ಬರೆಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಒಂದು ಕಟ್ಟಡ, ಒಂದು ಸಭೆ

ಉದಾಹರಣೆಗೆ ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡವನ್ನು ತೆಗೆದುಕೊಳ್ಳೋಣ. ಅದು ಮಾದರಿಗಾಗಿ ಕಟ್ಟಿದ ಕಟ್ಟಡ. ಆದರೆ ಅದರ ಒಂದೊಂದು ಇಟ್ಟಿಗೆಯೂ ಓದುಗರಿಗೆ ಪರಿಚಿತವಾದದ್ದೇ. ಎಂಟು ಮಹಡಿ, ಮಹಡಿಗೆ ಎಂಟರಂತೆ 64 ಮನೆ. ಒಂಬತ್ತು ಮಂದಿಯ ನಿರ್ವಹಣಾ ಸಮಿತಿ. ಅದಲ್ಲದೆ ಮಹಡಿಗೊಬ್ಬರಂತೆ ಎಂಟು ಮಂದಿ ಪ್ರತಿನಿಧಿಗಳು. ಹದಿನೇಳು ಜನರ ಈ ತಂಡ ಸಂಬಳವಿಲ್ಲದೆ, ಆಗಾಗ್ಗೆ ಬೈಗುಳವನ್ನು ಮಾತ್ರ ಸಂಪಾದಿಸುತ್ತ ಕಟ್ಟಡವನ್ನು ನಡೆಸುತ್ತದೆ. 9ನೆಯ ತಾರೀಖು ಭಾನುವಾರ ಸಮಿತಿ ಸೇರಿತು. ಸಂಜೆಯ ಹೊತ್ತಿಗೆ ಕಾರ್ಯದರ್ಶಿಗಳು ನಡವಳಿಯನ್ನು ಸಿದ್ಧಪಡಿಸಿದರು. ಎರಡು ಪುಟದ ಆ ನಡವಳಿಯ ಮುಖ್ಯ ಭಾಗ ಇದು:

“ವಿಷಯ 3: ನೆಲತೊಟ್ಟಿಯ ದುರಸ್ತಿ. ಸದರಿ ವಿಷಯದ ಕುರಿತು ಸುದೀರ್ಘವಾಗಿ ಚರ್ಚಿಸಿ, ನೆಲತೊಟ್ಟಿಯ ಶುದ್ಧೀಕರಣ ಹಾಗೂ ಬಿರುಕುಗಳ ದುರಸ್ತಿ ಕಾರ್ಯವನ್ನು, ಕನಿಷ್ಠ ದರ ನಮೂದಿಸಿರುವ ಗುತ್ತಿಗೆದಾರರಿಗೆ ರೂ. 86,000 ಮೀರದಂತೆ ವಹಿಸಿಕೊಡಲು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಕಾಮಗಾರಿಯ ಅವಧಿಯಲ್ಲಿ, ಅಂದರೆ ದಿನಾಂಕ 18ರಿಂದ 20ರವರೆಗೆ, ನೀರು ಪೂರೈಕೆಯಲ್ಲಿ ವ್ಯತ್ಯಯ ಉಂಟಾಗುವ ಸಂಭವವಿದ್ದು, ನಿವಾಸಿಗಳ ಸಹಕಾರವನ್ನು ಕೋರಲು ತೀರ್ಮಾನಿಸಲಾಯಿತು. ಪರ್ಯಾಯ ವ್ಯವಸ್ಥೆಯ ಬಗ್ಗೆ ಅಗತ್ಯ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.

ವಿಷಯ 4: ಲಿಫ್ಟಿನ ವಾರ್ಷಿಕ ನಿರ್ವಹಣೆ. ಗುತ್ತಿಗೆಯ ನವೀಕರಣಕ್ಕೆ ತಾತ್ವಿಕವಾಗಿ ಒಪ್ಪಿ, ಸ್ವೀಕೃತವಾದ ಮೂರು ದರಪಟ್ಟಿಗಳನ್ನು ಪರಿಶೀಲನೆಗಾಗಿ ಉಪಸಮಿತಿಗೆ ವಹಿಸಲಾಯಿತು.

ವಿಷಯ 5: ವಾಹನ ನಿಲುಗಡೆ. ಕೆಲವು ಸದಸ್ಯರು ಆಕ್ಷೇಪ ವ್ಯಕ್ತಪಡಿಸಿದ ಮೇರೆಗೆ ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ವಿಷಯ 6: ಖಜಾಂಚಿಯವರ ವರದಿ. ಹನ್ನೊಂದು ಮನೆಗಳಿಂದ ರೂ. 1,94,000 ನಿರ್ವಹಣಾ ಶುಲ್ಕ ಬಾಕಿ ಇರುವುದನ್ನು ಗಮನಿಸಲಾಯಿತು.”

ಈ ನಡವಳಿಯಲ್ಲಿ ಸುಳ್ಳಿಲ್ಲ. ಆದರೆ ಐದನೆಯ ಮಹಡಿಯ ಒಂದು ಮನೆಯಲ್ಲಿ ಹನ್ನೆರಡು ದಿನದ ಬಾಣಂತಿ ಇದ್ದಾಳೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಎಣ್ಣೆ ಹಚ್ಚಿ, ನೀರು ಕಾಯಿಸಲೆಂದು ಆಕೆಯ ತಾಯಿ ನಲ್ಲಿ ತಿರುಗಿಸುತ್ತಾರೆ. ಅಂದು ನೀರು ಬರುತ್ತದೆಯೇ? ನಡವಳಿಯನ್ನು ಮೂರು ಸಲ ಓದಿದರೂ ಉತ್ತರ ಸಿಕ್ಕುವುದಿಲ್ಲ.

ಪೆನ್ಸಿಲಿನ ಕೆಲಸ ಮೊದಲು

ತಂಡಕ್ಕಾಗಿ ಚಿಕ್ಕ ಕಾಗದವನ್ನು ಬರೆಯುವ ಹೊಣೆ ಮೂರನೆಯ ಮಹಡಿಯ ಪ್ರತಿನಿಧಿಯ ಮೇಲೆ ಬಿತ್ತೆನ್ನೋಣ. ಆಕೆ ನಿವೃತ್ತ ಉಪಾಧ್ಯಾಯಿನಿ. ಇಂಥ ಕೆಲಸಕ್ಕೆ ಕುಳಿತವರು ಸಾಮಾನ್ಯವಾಗಿ ಮಾಡುವುದು ಕಠಿಣ ಪದಗಳನ್ನು ಹೊಡೆದುಹಾಕಿ ಸುಲಭ ಪದಗಳನ್ನು ಬರೆಯುವುದನ್ನು. ‘ವ್ಯತ್ಯಯ’ ಹೋಗಿ ‘ತೊಂದರೆ’ ಬರುತ್ತದೆ. ‘ಸಹಕಾರ ಕೋರಲಾಗಿದೆ’ ಹೋಗಿ ‘ದಯವಿಟ್ಟು ಸಹಕರಿಸಿ’ ಬರುತ್ತದೆ. “ನೀರಿಗೆ ಸ್ವಲ್ಪ ತೊಂದರೆಯಾಗಬಹುದು, ದಯವಿಟ್ಟು ಸಹಕರಿಸಿ” ಎಂಬ ವಾಕ್ಯ ಸ್ನೇಹಮಯವಾಗಿದೆ, ನಿಜ. ಆದರೆ ಬಾಣಂತಿಯ ತಾಯಿಗೆ ಅದರಿಂದಲೂ ಏನೂ ತಿಳಿಯಲಿಲ್ಲ. ನಡವಳಿಯ ಬಿಗಿತ ಪದಗಳಲ್ಲಿಲ್ಲ, ಕ್ರಿಯಾಪದದ ಬಾಲದಲ್ಲಿದೆ.

ಕನ್ನಡದ ಕ್ರಿಯಾಪದದ ಸ್ವಭಾವವನ್ನು ಗಮನಿಸಿ. ‘ತರಿಸುತ್ತಾರೆ’, ‘ತರಿಸುತ್ತೇನೆ’, ‘ತರಿಸುತ್ತಾಳೆ’ ಎಂದಾಗ ಮಾಡುವವರು ಯಾರೆಂಬುದು ಪದದ ಕೊನೆಯಲ್ಲಿಯೇ ಅಡಗಿರುತ್ತದೆ. ಹೆಸರು ಹೇಳದಿದ್ದರೂ ಕರ್ತೃವಿನ ಸುಳಿವು ಸಿಕ್ಕುತ್ತದೆ. ‘ಸೂಚಿಸಲಾಯಿತು’, ‘ನಿರ್ಣಯಿಸಲಾಯಿತು’ ಎಂಬ ರೂಪ ಈ ಸುಳಿವನ್ನು ಒರೆಸಿಹಾಕುತ್ತದೆ. ಮನೆಯಲ್ಲಿ ಯಾರೂ “ಅನ್ನವನ್ನು ಬಡಿಸಲಾಯಿತು” ಎನ್ನುವುದಿಲ್ಲ. ‘ಸದರಿ’ಯಂಥ ಪದಗಳು ಹಳೆಯ ದಫ್ತರಗಳಿಂದ ನಮಗೆ ಬಳುವಳಿಯಾಗಿ ಬಂದವು, ಈ ‘ಲಾಯಿತು’ ಇಂಗ್ಲಿಷಿನ ಕಚೇರಿ ಬರವಣಿಗೆಯನ್ನು ಅನುಸರಿಸುತ್ತ ನಮ್ಮಲ್ಲಿ ಬೇರೂರಿತು. ನಿರ್ಣಯವನ್ನು ಇಡೀ ಸಮಿತಿಯೇ ಕೈಗೊಂಡಾಗ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಕರ್ತೃ ಸಮಿತಿಯೇ. ಕೆಲಸವನ್ನು ಒಬ್ಬರು ಮಾಡಬೇಕಾದಾಗ ಮಾತ್ರ ಅದು ಕೆಲಸ ಕೆಡಿಸುತ್ತದೆ.

ಉಪಾಧ್ಯಾಯಿನಿ ಪದಗಳ ತಂಟೆಗೆ ಹೋಗದೆ, ಮೊದಲು ಪೆನ್ಸಿಲು ಹಿಡಿದು ‘ಲಾಯಿತು’ ಎಂದು ಮುಗಿಯುವ ಪದಗಳಿಗೆಲ್ಲ ಅಡಿಗೆರೆ ಎಳೆದರು. ಮೇಲಿನ ಭಾಗದಲ್ಲಿಯೇ ಅಂಥವು ಆರು. ಪ್ರತಿಯೊಂದರ ಪಕ್ಕದಲ್ಲಿ ಒಂದಕ್ಷರ ಗುರುತು ಹಾಕಿದರು. ತೀರ್ಮಾನವಾದದ್ದಕ್ಕೆ ‘ತೀ’, ಯಾರಾದರೂ ಮಾಡಬೇಕಾದ ಕೆಲಸಕ್ಕೆ ‘ಕೆ’, ತೀರ್ಮಾನವಾಗದೆ ಉಳಿದದ್ದಕ್ಕೆ ‘ಉ’, ಬರಿದೆ ಕೇಳಿಸಿಕೊಂಡದ್ದಕ್ಕೆ ಗುರುತೇ ಇಲ್ಲ.

ಹಾಗೆ ನೋಡಿದಾಗ ತೊಟ್ಟಿಯ ಗುತ್ತಿಗೆ ‘ತೀ’. ನಿವಾಸಿಗಳಿಗೆ ತಿಳಿಸುವುದು ‘ಕೆ’. ಪರ್ಯಾಯ ವ್ಯವಸ್ಥೆ ‘ಕೆ’. ವಾಹನ ನಿಲುಗಡೆ ‘ಉ’. ಲಿಫ್ಟಿನ ವಿಷಯದಲ್ಲಿ ಕೈ ಒಂದು ಕ್ಷಣ ತಡೆಯಿತು. ‘ತಾತ್ವಿಕವಾಗಿ ಒಪ್ಪಿ’ ಎಂಬುದು ಒಪ್ಪಿಗೆಯಂತೆ ಕಾಣುತ್ತದೆ. ಆದರೆ ಹಣ ಎಷ್ಟು, ಗುತ್ತಿಗೆ ಯಾರಿಗೆ ಎಂಬುದು ಗೊತ್ತಾಗದೆ ಇರುವಾಗ ಅದು ಒಪ್ಪಿಗೆಯಲ್ಲ. ಅವಸರದಲ್ಲಿ ಅದನ್ನು ‘ಲಿಫ್ಟಿನ ಗುತ್ತಿಗೆ ಮಂಜೂರಾಯಿತು’ ಎಂದು ಬರೆದರೆ, ಮೂರು ಸಂಸ್ಥೆಗಳಲ್ಲಿ ಯಾವುದೋ ಒಂದರ ಪ್ರತಿನಿಧಿ ಮರುದಿನವೇ ಕರಾರುಪತ್ರದೊಡನೆ ಬಾಗಿಲಿಗೆ ಬಂದಾನು. ಅದಕ್ಕೂ ‘ಉ’ ಎಂದೇ ಗುರುತಾಯಿತು.

ದೂರವಾಣಿಯಲ್ಲಿ ಹೊರಬಿದ್ದದ್ದು

ಈಗ ‘ಕೆ’ ಗುರುತಿನ ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಯಾರು, ಏನನ್ನು, ಯಾವಾಗ? ಉತ್ತರ ನಡವಳಿಯಲ್ಲಿದ್ದರೆ ಸರಿ. ಇಲ್ಲದಿದ್ದರೆ ಊಹಿಸಿ ತುಂಬಬಾರದು, ಕೇಳಬೇಕು. ಈ ಬರವಣಿಗೆಯಲ್ಲಿ ನಡೆಯುವ ಪ್ರಮಾದಗಳಲ್ಲೆಲ್ಲ ಅಪಾಯಕಾರಿಯಾದುದು ಇದೇ. ಸುಲಭ ಭಾಷೆ ಖಚಿತವಾದ ಭಾಷೆ. ನಡವಳಿ ‘ಸಂಭವವಿದೆ’ ಎಂದು ಮಸುಕಾಗಿ ಹೇಳಿದ್ದನ್ನು ಸುಲಭಗೊಳಿಸುವವರು ‘ನೀರು ಇರುವುದಿಲ್ಲ’ ಎಂದೋ ‘ನೀರು ಸ್ವಲ್ಪ ಕಡಿಮೆ’ ಎಂದೋ ಖಚಿತಪಡಿಸಬೇಕಾಗುತ್ತದೆ. ಆ ಖಚಿತತೆ ಎಲ್ಲಿಂದ ಬರಬೇಕು? ಬರೆಯುವವರ ತಲೆಯಿಂದಲ್ಲ.

ಉಪಾಧ್ಯಾಯಿನಿ ಕಾರ್ಯದರ್ಶಿಗಳಿಗೆ ದೂರವಾಣಿ ಮಾಡಿದರು.

“ರಾಯರೇ, ಪರ್ಯಾಯ ವ್ಯವಸ್ಥೆ ಅಂತ ಬರೆದಿದ್ದೀರಿ. ಅದೇನು?”

“ಟ್ಯಾಂಕರ್ ತರಿಸೋದು, ಅಮ್ಮ.”

“ಯಾರು ತರಿಸೋದು?”

“ಅದನ್ನ... ಖಜಾಂಚಿಗಳು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.”

“ಎಷ್ಟು ಟ್ಯಾಂಕರ್?”

ಆ ಕಡೆಯಿಂದ ಉತ್ತರ ಬರಲಿಲ್ಲ. ಆಕೆ ಮತ್ತೊಂದು ಪ್ರಶ್ನೆ ಹಾಕಿದರು. “ಟ್ಯಾಂಕರ್ ನೀರನ್ನ ಯಾವಾಗಲೂ ಸುರಿಯೋದು ನೆಲತೊಟ್ಟಿಗೆ ತಾನೆ? ದುರಸ್ತಿ ಆಗೋದೂ ಅದೇ ತೊಟ್ಟಿ. ಹಾಗಾದರೆ ನೀರನ್ನ ಎಲ್ಲಿಗೆ ಸುರಿಸ್ತೀರಿ?”

ಸಭೆಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಇದು. ಹೊಳೆಯದೆ ಹೋದದ್ದು ಸದಸ್ಯರ ದಡ್ಡತನದಿಂದಲ್ಲ. ‘ಪರ್ಯಾಯ ವ್ಯವಸ್ಥೆ’ ಎಂಬ ಎರಡು ಪದ ಉಚ್ಚರಿಸಿದ ಕೂಡಲೇ ವ್ಯವಸ್ಥೆಯೇ ಆಗಿಹೋದಂಥ ನೆಮ್ಮದಿ ಎಲ್ಲರ ಮೇಲೂ ಇಳಿಯಿತು. ನೀರು, ಟ್ಯಾಂಕರು, ಕೊಳವೆ ಎಂಬ ಮೂರು ಸಾದಾ ಪದಗಳಲ್ಲಿ ಯೋಚಿಸಿದ್ದರೆ ಅಲ್ಲಿಯೇ ಪ್ರಶ್ನೆ ಏಳುತ್ತಿತ್ತು. ಸೋಮವಾರ ಸಂಜೆ ಕಾರ್ಯದರ್ಶಿ, ಖಜಾಂಚಿ, ಉಪಾಧ್ಯಾಯಿನಿ ಮೂವರೂ ಕುಳಿತು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಓದುಗರೂ ನೋಡಬಹುದು.

ನಗರಗಳ ನೀರು ಪೂರೈಕೆಯನ್ನು ಯೋಜಿಸುವವರು ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕವಿಡುತ್ತಾರೆ. ಮನೆಗೆ ನಾಲ್ವರಂತೆ 64 ಮನೆಗಳಿಗೆ 256 ಮಂದಿ. ದಿನಕ್ಕೆ 34,560 ಲೀಟರ್. ಮೂರು ದಿನಕ್ಕೆ 1,03,680. ಕಾವೇರಿಯ ಕೊಳಾಯಿ ನೀರು ಬಂದು ಬೀಳುವುದೂ ನೆಲತೊಟ್ಟಿಗೇ ಆದ್ದರಿಂದ ಆ ಮೂರು ದಿನ ಅದನ್ನು ನಂಬುವಂತಿಲ್ಲ. ತಾರಸಿಯ ಮೇಲಿನ ತೊಟ್ಟಿಯಲ್ಲಿ 40,000 ಲೀಟರ್ ಹಿಡಿಯುತ್ತದೆ. ಸೋಮವಾರ ರಾತ್ರಿ ಅದನ್ನು ತುಂಬಿಟ್ಟುಕೊಂಡರೂ 63,680 ಲೀಟರ್ ಹೊರಗಿನಿಂದ ಬರಬೇಕು. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅದು ಹನ್ನೊಂದು ಸರದಿ. ಖಜಾಂಚಿಗಳ ಮುಖ ಸಪ್ಪಗಾಯಿತು.

ದಿನವಿಡೀ ನೀರು ಬಿಡದೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಬಿಟ್ಟು, ಬಳಕೆಯನ್ನು ಅರ್ಧಕ್ಕೆ ಇಳಿಸಿದರೆ? ಮೂರು ದಿನಕ್ಕೆ 51,840 ಲೀಟರ್ ಸಾಕು. ತಾರಸಿಯ 40,000 ಕಳೆದರೆ ಉಳಿಯುವುದು 11,840, ಎರಡು ಟ್ಯಾಂಕರ್! ಆದರೆ ಎರಡು ಟ್ಯಾಂಕರಿನ 12,000ಕ್ಕೂ ಬೇಕಾದ 11,840ಕ್ಕೂ ನಡುವೆ ಉಳಿಯುವುದು ಕೇವಲ 160 ಲೀಟರ್, ಹೆಚ್ಚೆಂದರೆ ಹತ್ತು ಬಿಂದಿಗೆ. ನಲ್ಲಿ ಬಿಡುವ ಹೊತ್ತಿನಲ್ಲಿ ಜನ ಡ್ರಮ್ಮು, ಬಕೆಟ್ಟು, ಪಾತ್ರೆಗಳನ್ನೆಲ್ಲ ತುಂಬಿಕೊಳ್ಳುವುದೂ ಉಂಟು. ಆದ್ದರಿಂದ ಮೂರು ಟ್ಯಾಂಕರ್ ಹೇಳುವುದೆಂದಾಯಿತು. ನೀರನ್ನು ಸುರಿಯಲು 5,000 ಲೀಟರಿನ ಎರಡು ಪ್ಲಾಸ್ಟಿಕ್ ತೊಟ್ಟಿಗಳನ್ನು ಬಾಡಿಗೆಗೆ ತಂದು ಅಂಗಳದಲ್ಲಿಟ್ಟು, ಅಲ್ಲಿಂದ ಪಂಪಿನಲ್ಲಿ ತಾರಸಿಗೆ ಏರಿಸುವ ಏರ್ಪಾಡು.

ಇಲ್ಲಿ ಒಂದು ಗೆರೆಯನ್ನು ದಾಟಬಾರದು. ನೀರಿನ ವೇಳೆಯನ್ನು ಕಡಿತಗೊಳಿಸುವ ಮಾತು ನಡವಳಿಯಲ್ಲಿರಲಿಲ್ಲ. ಅದನ್ನು ಉಪಾಧ್ಯಾಯಿನಿ ತಾವಾಗಿಯೇ ತಮ್ಮ ಕಾಗದದಲ್ಲಿ ಬರೆದುಬಿಟ್ಟಿದ್ದರೆ, ಸಾರಾಂಶದ ಹೆಸರಿನಲ್ಲಿ ಹೊಸ ನಿರ್ಣಯವನ್ನೇ ಮಾಡಿದಂತಾಗುತ್ತಿತ್ತು. ಮೂವರೂ ಅಧ್ಯಕ್ಷರನ್ನು ಕಂಡು ಒಪ್ಪಿಗೆ ಪಡೆದರು. ಮುಂದಿನ ಸಭೆಯಲ್ಲಿ ಸಮಿತಿಯ ಮುಂದಿಟ್ಟು ನಡವಳಿಗೆ ಸೇರಿಸುವುದೆಂದು ಕಾರ್ಯದರ್ಶಿಗಳು ಗುರುತು ಹಾಕಿಕೊಂಡರು. ಆಮೇಲೆಯೇ ಕಾಗದ ಸಿದ್ಧವಾದದ್ದು.

ಹದಿನೇಳು ಜನರಿಗೆ ಹೋದ ಕಾಗದ

“ಸ್ನೇಹಿತರೇ,

ಬರುವ 18, 19, 20, ಅಂದರೆ ಮಂಗಳವಾರ, ಬುಧವಾರ, ಗುರುವಾರ, ನೀರು ಬೆಳಿಗ್ಗೆ 6ರಿಂದ 8 ಮತ್ತು ಸಂಜೆ 6ರಿಂದ 7 ಮಾತ್ರ ಬರುತ್ತದೆ. ನೆಲತೊಟ್ಟಿಯನ್ನು ತೊಳೆದು ಬಿರುಕು ಮುಚ್ಚಿಸುತ್ತಿದ್ದೇವೆ. ಖರ್ಚು 86,000 ರೂಪಾಯಿ ಮೀರುವುದಿಲ್ಲ. ಸಮಿತಿ ಒಮ್ಮತದಿಂದ ಒಪ್ಪಿದೆ.

ಮೂರು ಟ್ಯಾಂಕರ್ ನೀರನ್ನೂ ಎರಡು ತಾತ್ಕಾಲಿಕ ತೊಟ್ಟಿಗಳನ್ನೂ ಖಜಾಂಚಿಯವರು ತರಿಸುತ್ತಾರೆ. ತೊಟ್ಟಿಗಳು 17ನೆಯ ಸೋಮವಾರ ಮಧ್ಯಾಹ್ನದೊಳಗೆ ಅಂಗಳದಲ್ಲಿರುತ್ತವೆ. ಆ ರಾತ್ರಿ ತಾರಸಿಯ ತೊಟ್ಟಿ ತುಂಬಿದೆಯೇ ಎಂದು ಕಾರ್ಯದರ್ಶಿಯವರು ಹತ್ತಿ ನೋಡುತ್ತಾರೆ. ಮಂಗಳವಾರ ರಾತ್ರಿ ಅದು ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಇನ್ನೊಂದು ಟ್ಯಾಂಕರನ್ನು ಅವರೇ ಹೇಳುತ್ತಾರೆ.

ಮಹಡಿಯ ಪ್ರತಿನಿಧಿಗಳು ಮಾಡಬೇಕಾದ ಕೆಲಸ ಒಂದೇ: 16ನೆಯ ಭಾನುವಾರ ಸಂಜೆಯೊಳಗೆ ನಿಮ್ಮ ಎಂಟು ಮನೆಗಳಿಗೂ ಹೋಗಿ ಈ ವೇಳೆಯನ್ನು ಬಾಯಿಮಾತಿನಲ್ಲಿ ಹೇಳಿ ಬನ್ನಿ. ಬಾಣಂತಿಯರು, ಹಸುಗೂಸುಗಳು, ಹಾಸಿಗೆ ಹಿಡಿದವರು ಇರುವ ಮನೆಗಳನ್ನು ನನಗೆ ತಿಳಿಸಿ. ಅಲ್ಲಿಗೆ ದಿನವೂ ನಾಲ್ಕು ಬಕೆಟ್ ನೀರು ತಲುಪಿಸುವ ಹೊಣೆ ನನ್ನದು.

ಲಿಫ್ಟಿನ ಗುತ್ತಿಗೆ ಇನ್ನೂ ತೀರ್ಮಾನವಾಗಿಲ್ಲ. ಮೂರು ದರಪಟ್ಟಿಗಳನ್ನು ಉಪಸಮಿತಿ ನೋಡುತ್ತಿದೆ. ವಾಹನ ನಿಲ್ಲಿಸುವ ಜಾಗದ ವಿಷಯ ಮುಂದಿನ ಸಭೆಗೆ ಹೋಗಿದೆ. ಅಲ್ಲಿಯವರೆಗೆ ಈಗಿರುವ ಪದ್ಧತಿಯೇ.

ಇದು ನಿಮ್ಮ ಅನುಕೂಲಕ್ಕೆ ಬರೆದ ಸಾರಾಂಶ. ಅಧಿಕೃತವಾದುದು ನಡವಳಿ ಪುಸ್ತಕ. ಅದು ಕಾರ್ಯದರ್ಶಿಯವರ ಬಳಿ ಇದೆ.

— ಮೂರನೆಯ ಮಹಡಿಯಿಂದ”

ಇಲ್ಲಿ ಖಜಾಂಚಿ, ಕಾರ್ಯದರ್ಶಿ ಎಂದಿರುವ ಕಡೆ ನಿಜವಾದ ಕಾಗದದಲ್ಲಿ ಅವರವರ ಹೆಸರು ಇರಬೇಕು. ತನ್ನ ಹೆಸರನ್ನು ಕಂಡವರು ಆ ಸಾಲನ್ನು ಓದದೆ ಬಿಡುವುದಿಲ್ಲ.

ಈ ಕಾಗದದಲ್ಲಿ ಸಭೆಯ ಕ್ರಮ ತಲೆಕೆಳಗಾಗಿದೆ. ನಡವಳಿ ಗಡಿಯಾರವನ್ನು ಅನುಸರಿಸುತ್ತದೆ: ಮೊದಲು ಕೋರಂ, ಆಮೇಲೆ ಹಿಂದಿನ ಸಭೆಯ ನಡವಳಿಯ ದೃಢೀಕರಣ, ಕೊನೆಗೆ ವಂದನಾರ್ಪಣೆ. ಕಾಗದ ಓದುವವರ ಅಗತ್ಯವನ್ನು ಅನುಸರಿಸುತ್ತದೆ. ಮೊದಲ ಸಾಲಿನಲ್ಲಿಯೇ ನೀರು. ಓದುವವರು ಆ ಒಂದು ಸಾಲಿಗೇ ಕೈಬಿಟ್ಟರೂ ನಷ್ಟವಾಗುವುದು ಕಡಿಮೆ. ಎರಡು ಪುಟದ ನಡವಳಿಯಲ್ಲಿ ನೀರಿನ ಮಾತು ಬರುವ ಹೊತ್ತಿಗೆ ಓದುವವರು ಆರು ಉಪಚಾರಗಳನ್ನು ದಾಟಿ ಬಂದಿರಬೇಕಾಗಿತ್ತು.

ಕೆಲವು ಪದಗಳು ಮಾತ್ರ ಅಲುಗಾಡದೆ ಉಳಿದಿರುವುದನ್ನೂ ನೋಡಿ. ‘86,000 ಮೀರುವುದಿಲ್ಲ’ ಎಂಬುದನ್ನು ‘86,000 ರೂಪಾಯಿಗೆ ಕೊಟ್ಟಿದ್ದೇವೆ’ ಎಂದು ಬರೆದರೆ ಓದುವುದಕ್ಕೆ ಇನ್ನೂ ಸುಲಭವಾಗುತ್ತಿತ್ತು. ಆದರೆ ಮಾತು ಸುಳ್ಳಾಗುತ್ತಿತ್ತು. ಹಣಕ್ಕೆ ಹಾಕಿದ ಮಿತಿ, ‘ಒಮ್ಮತ’ವೋ ‘ಬಹುಮತ’ವೋ ಎಂಬುದು, ‘ತೀರ್ಮಾನವಾಗಿಲ್ಲ’ ಎಂಬುದು — ಇವು ನಡವಳಿಯಿಂದ ಕಾಗದಕ್ಕೆ ಮುಕ್ಕಾಗದೆ ಬರಬೇಕು. ಒಂದು ಪದದ ಎಡವಟ್ಟು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಪ್ರಸಂಗವನ್ನು ಚರ್ಚಿಲ್ಲರು ತಮ್ಮ ಯುದ್ಧೇತಿಹಾಸದಲ್ಲಿ ದಾಖಲಿಸಿದ್ದಾರೆ. ಒಂದು ಪತ್ರವನ್ನು ‘ಮೇಜಿನ ಮೇಲಿಡುವುದು’ ಎಂದರೆ ಬ್ರಿಟಿಷರಿಗೆ ಈಗಲೇ ಚರ್ಚಿಸುವುದೆಂದು ಅರ್ಥ, ಅಮೆರಿಕನ್ನರಿಗೆ ಬದಿಗಿಡುವುದೆಂದು. ಎರಡು ಕಡೆಯವರಿಗೂ ಆ ಪತ್ರ ಒಡನೆಯೇ ಚರ್ಚೆಗೆ ಬರಬೇಕೆಂದೇ ಇದ್ದರೂ, ಈ ಒಂದು ಪದದ ಮೇಲೆ ಬಹಳ ಹೊತ್ತು ಬಿಸಿಬಿಸಿ ವಾದ ನಡೆಯಿತಂತೆ. ನಮ್ಮಲ್ಲಿ ‘ಮುಂದೂಡಲಾಯಿತು’ ಎಂಬುದಕ್ಕೂ ಇಂಥ ಭಾಗ್ಯವೇ. ಮುಂದಿನ ಭಾನುವಾರಕ್ಕೆ ಎಂದು ಒಬ್ಬರು ತಿಳಿದರೆ, ಮುಂದಿನ ಜನ್ಮಕ್ಕೆ ಎಂದು ಇನ್ನೊಬ್ಬರು ತಿಳಿಯುತ್ತಾರೆ. ಅದಕ್ಕಾಗಿಯೇ ‘ಅಲ್ಲಿಯವರೆಗೆ ಈಗಿರುವ ಪದ್ಧತಿಯೇ’ ಎಂಬ ಮೂರು ಪದ ಸೇರಿತು.

ಬಿಟ್ಟದ್ದು

ಹನ್ನೊಂದು ಮನೆಗಳ ಬಾಕಿಯ ವಿಷಯ ಕಾಗದದಲ್ಲಿ ಇಲ್ಲವೇ ಇಲ್ಲ. ಅದು ಕಣ್ತಪ್ಪಲ್ಲ. ಸಮಿತಿ ಅದನ್ನು ‘ಗಮನಿಸಿತು’ ಅಷ್ಟೆ. ಯಾರಿಗೂ ಕೆಲಸ ವಹಿಸಲಿಲ್ಲ. ಸ್ನೇಹದ ಧಾಟಿಯ ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಾಗವಾಗಿ ಹೋಗುತ್ತದೆ. ಅದು ವಾಟ್ಸಾಪಿನಲ್ಲಿ ಹೋದರಂತೂ ಅರ್ಧ ಗಂಟೆಯಲ್ಲಿ ಅರವತ್ನಾಲ್ಕು ಮನೆಗಳಲ್ಲಿಯೂ ಇರುತ್ತದೆ. ‘ಹನ್ನೊಂದು ಮನೆ’ ಎಂದರೆ ಸಾಕು, ಮೆಟ್ಟಿಲ ಬಳಿ ಎಣಿಕೆ ಶುರುವಾಗುತ್ತದೆ. ವಾಹನ ನಿಲುಗಡೆಗೆ ಆಕ್ಷೇಪಿಸಿದವರು ಯಾರೆಂಬುದನ್ನು ನಡವಳಿ ಹೇಳಿಲ್ಲ, ಕಾಗದವೂ ಹೇಳುವುದಿಲ್ಲ. ಸಲುಗೆಯ ಭಾಷೆಯಲ್ಲಿ ಬರೆಯಲು ಕುಳಿತವರಿಗೆ ಸಭೆಯ ರಂಜನೀಯ ಪ್ರಸಂಗಗಳನ್ನೂ ಸೇರಿಸುವ ಚಪಲ ಹುಟ್ಟುವುದು ಸಹಜ. ಯಾರೋ ಮೇಜು ಗುದ್ದಿದರು, ಯಾರೋ ಎದ್ದು ಹೋದರು ಎಂಬುದು ಎಲ್ಲರೂ ಆಸೆಯಿಂದ ಓದುವ ಸಾಲು, ನಿಜ. ಅದನ್ನು ಬರೆದ ದಿನದಿಂದ ಸಭೆಯಲ್ಲಿ ಯಾರೂ ಮನಬಿಚ್ಚಿ ಮಾತನಾಡುವುದಿಲ್ಲ.

ಸಭೆ ಮುಗಿದ ಎಷ್ಟು ಹೊತ್ತಿನೊಳಗೆ ಕಾಗದ ಹೋಗಬೇಕು? ಮರುದಿನ ರಾತ್ರಿಯೊಳಗೆ ಎಂಬುದು ಈ ಲೇಖಕನ ಅಭಿಪ್ರಾಯ. ಕಂಪನಿಗಳ ಮಾತು ಬೇರೆ. 2013ರ ಕಂಪನಿ ಕಾಯಿದೆಯ ಪ್ರಕಾರ ನಡವಳಿಯನ್ನು ಪುಸ್ತಕಕ್ಕೆ ಸೇರಿಸಲು ಮೂವತ್ತು ದಿನ ಅವಕಾಶವಿದೆ. ನಲ್ಲಿಯ ನೀರು ಮೂವತ್ತು ದಿನ ಕಾಯುವುದಿಲ್ಲ.

ಇನ್ನು, ಜನ ಓದಿದರೇ ಎಂದು ತಿಳಿಯುವ ಬಗೆ. ಮೊಬೈಲಿನಲ್ಲಿ ಎರಡು ನೀಲಿ ಗೆರೆ ಮೂಡಿದರೆ ಕಾಗದ ತೆರೆಯಿತೆಂದು ಅರ್ಥ, ಓದಿದರೆಂದಲ್ಲ. “ಚೆನ್ನಾಗಿ ಬರೆದಿದ್ದೀರಿ” ಎಂಬ ಹೊಗಳಿಕೆಯನ್ನಂತೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಉಪಾಧ್ಯಾಯಿನಿಯವರು ಹಳೆಯ ಉಪಾಯವನ್ನೇ ಹಿಡಿದರು. ಗುರುವಾರ ಮೆಟ್ಟಿಲ ಬಳಿ ಸಿಕ್ಕಿದ ಮೂವರು ಪ್ರತಿನಿಧಿಗಳನ್ನು ನಿಲ್ಲಿಸಿ, “ಮಂಗಳವಾರ ಸಂಜೆ ನೀರು ಎಷ್ಟು ಹೊತ್ತಿಗೆ?” ಎಂದು ಕೇಳಿದರು. ಇಬ್ಬರು ಸರಿಯಾಗಿ ಹೇಳಿದರು. ಏಳನೆಯ ಮಹಡಿಯವರು, “ನೀರಿನ ವಿಷಯ ಗೊತ್ತು, ಅಮ್ಮ. ಆದರೆ ಮನೆಮನೆಗೆ ಹೋಗಿ ಹೇಳಬೇಕು ಅಂತ ಎಲ್ಲಿದೆ? ನನಗೆ ಬಂದದ್ದು ಎರಡೇ ಸಾಲು” ಎಂದರು.

ಅವರ ಮೊಬೈಲನ್ನು ನೋಡಿದಾಗ ಗೊತ್ತಾಯಿತು: ಕಾಗದ ಉದ್ದವಾದ್ದರಿಂದ ಪರದೆಯ ಮೇಲೆ ಮೊದಲ ಭಾಗ ಮಾತ್ರ ಕಾಣಿಸಿ, ಉಳಿದದ್ದು ಒಂದು ಗುಂಡಿಯ ಹಿಂದೆ ಮಡಿಸಿಕೊಂಡಿತ್ತು. ಆ ಗುಂಡಿಯನ್ನು ಅವರು ಒತ್ತಿರಲಿಲ್ಲ. ಉಪಾಧ್ಯಾಯಿನಿ ಅಲ್ಲಿಯೇ ನಿಂತು ಪ್ರತಿನಿಧಿಗಳ ಕೆಲಸದ ಸಾಲುಗಳನ್ನು ಮಾತ್ರ ಬೇರೆಯಾಗಿ ಬರೆದು ಎಂಟು ಜನಕ್ಕೂ ಮತ್ತೊಮ್ಮೆ ಕಳುಹಿಸಿದರು. ನೀರಿನ ವೇಳೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಲಿಫ್ಟಿನ ಬಾಗಿಲ ಪಕ್ಕದಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಅಂಟಿಸಿದರು. ಐದನೆಯ ಮಹಡಿಯ ಮನೆಯಿಂದ ಸಂದೇಶ ಬಂದದ್ದು ಶನಿವಾರ: ನಾಲ್ಕು ಬಕೆಟ್ ಬೇಡ, ಬೆಳಿಗ್ಗೆ ಆರಕ್ಕೇ ನೀರು ಕಾಯಿಸಿಕೊಳ್ಳುತ್ತೇವೆ, ಎರಡು ಸಾಕು.